ಸೀಲ್ ಒಡೆದ ಬಾಟಲಿಯ ಲೆಕ್ಕ

"ಅಕ್ಕಾ, ವಾಟ್ಸಾಪಲ್ಲಿ ಫೇಸ್ ಆಯಿಲು, ಕ್ರೀಮು ಮಾರ್ತೀರಲ್ಲ, ಓಪನ್ ಮಾಡಿದ್ಮೇಲೆ ಬೇಡ ಅಂದ್ರೆ ವಾಪಸ್ ತಗೋತೀರಾ? ಲಾಸ್ ಆಗಲ್ವಾ?"

ಸೀಲ್ ಒಡೆದ ಬಾಟಲಿಯನ್ನು ನಾನು ವಾಪಸ್ ತರಿಸಿಕೊಳ್ಳುವುದೇ ಇಲ್ಲ. ಒಬ್ಬರ ಬೆರಳು ತಾಗಿದ ಕ್ರೀಮನ್ನು ಇನ್ನೊಬ್ಬರಿಗೆ ಮಾರೋಕೆ ಆಗಲ್ಲ, ತರಿಸಿದರೂ ಚೆಲ್ಲಬೇಕು, ಅದಕ್ಕೆ ಮತ್ತೆ ಕೊರಿಯರ್ ಚಾರ್ಜ್ ಯಾಕೆ? ಆದರೆ ವಾಪಸ್ ತರಿಸಲ್ಲ ಅನ್ನುವುದು ಬೇರೆ, ದುಡ್ಡು ಕೊಡಲ್ಲ ಅನ್ನುವುದು ಬೇರೆ. ಸೋರಿದ್ದರೆ, ಒಡೆದಿದ್ದರೆ, ಕ್ಯಾಟಲಾಗಲ್ಲಿ ತೋರಿಸಿದ್ದು ಒಂದು ಕಳಿಸಿದ್ದು ಇನ್ನೊಂದು ಆಗಿದ್ದರೆ, ಫೋಟೋ ನೋಡಿ ಯುಪಿಐಯಲ್ಲಿ ದುಡ್ಡು ಹಾಕುತ್ತೇನೆ ಅಥವಾ ಹೊಸದು ಕಳಿಸುತ್ತೇನೆ. ಇದು ನನ್ನ ದೊಡ್ಡತನ ಅಲ್ಲ. ಆನ್‌ಲೈನ್ ಮಾರಾಟಕ್ಕೆಂದು 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳಲ್ಲೇ ಈ ಮಾತಿದೆ: ದೋಷ ಇರುವ, ಅಥವಾ ಹೇಳಿದ ಹಾಗಿಲ್ಲದ ವಸ್ತುವನ್ನು ವಾಪಸ್ ಪಡೆಯಲ್ಲ, ಅದರ ದುಡ್ಡು ಕೊಡಲ್ಲ ಅನ್ನುವಂತಿಲ್ಲ. "ನೋ ರಿಟರ್ನ್, ನೋ ರಿಫಂಡ್" ಅಂತ ಸ್ಟೇಟಸ್ ಹಾಕಿ ಕೂರುವವರು ಇದನ್ನು ಒಮ್ಮೆ ಓದಬೇಕು.

ಲಾಸ್ ತಪ್ಪಿಸುವುದು ಪ್ಯಾಕಿಂಗಲ್ಲಿ. ನನ್ನ 30 ಮಿ.ಲೀ. ಫೇಸ್ ಆಯಿಲನ್ನೇ ತೆಗೆದುಕೊಳ್ಳಿ. ಡ್ರಾಪರ್ ಹಾಕಿದ ಗಾಜಿನ ಬಾಟಲಿ ಫೋಟೋದಲ್ಲಿ ತುಂಬಾ ಚೆಂದ, ಆದರೆ ದಾರಿಯಲ್ಲಿ ಸೋರುವುದು ಅದೇ. ಬಾಕ್ಸ್ ತಲೆಕೆಳಗಾಗಿ ಬಿಸಿಲಲ್ಲಿ ಬಿದ್ದಿದ್ದರೆ ಒಳಗಿನ ಗಾಳಿ ಹಿಗ್ಗಿ, ರಬ್ಬರ್ ಮುಚ್ಚಳದ ಸಂದಿಯಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಬಾಟಲಿ ಒಡೆದಿರಲ್ಲ, ಲೇಬಲ್ ಮಾತ್ರ ನೆನೆದು ಜಿಡ್ಡಾಗಿರುತ್ತದೆ. ಅದಕ್ಕೇ ನಾನು ಒಳಗೆ ಪ್ಲಾಸ್ಟಿಕ್ ಪ್ಲಗ್ ಇರುವ ಮಾಮೂಲಿ ಸ್ಕ್ರೂ ಮುಚ್ಚಳ ಹಾಕಿ, ಡ್ರಾಪರನ್ನು ಬೇರೆ ಪುಟ್ಟ ಕವರಲ್ಲಿ ಇಡುತ್ತೇನೆ. ಕತ್ತಿನ ಸುತ್ತ ಟೇಪ್, ಬಾಟಲಿಗೆ ಜಿಪ್ ಕವರ್, ಅದರ ಮೇಲೆ ಬಬಲ್ ರ‍್ಯಾಪ್. ಪ್ಯಾಕ್ ಮಾಡುವ ಮುಂಚೆ ಟಿಶ್ಯೂ ಮೇಲೆ ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಬೆಳಗ್ಗೆ ಟಿಶ್ಯೂ ಒಣಗಿದ್ದರೆ ಮಾತ್ರ ಅದು ಬಾಕ್ಸಿಗೆ ಹೋಗುತ್ತದೆ.

ಹಾಗಂತ ದೊಡ್ಡ ಬಾಕ್ಸ್ ತಗೊಂಡು ಪೇಪರ್ ತುರುಕಬೇಡಿ. ಕೊರಿಯರಿನವರು ತೂಕದ ಜೊತೆ ಜಾಗವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಕೆ.ಜಿ. ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಚಾರ್ಜ್ ಹಾಕುತ್ತಾರೆ. 25, 20, 15ರ ಬಾಕ್ಸಿಗೆ ಅದು ಒಂದೂವರೆ ಕೆ.ಜಿ. ಆಗುತ್ತದೆ, ಒಳಗೆ ಒಂದೇ ಬಾಟಲಿ ಇದ್ದರೂ. 15, 10, 8ರ ಬಾಕ್ಸ್ ಕಾಲು ಕೆ.ಜಿ. ಒಳಗೇ ಮುಗಿಯುತ್ತದೆ. ನನ್ನ ಬಾಟಲಿ ಇದರಲ್ಲಿ ಬಬಲ್ ರ‍್ಯಾಪ್ ಸಮೇತ ಅಲ್ಲಾಡದೆ ಕೂರುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ತಕರಾರು. ಶಿಯಾ ಬಟರ್ ಇರುವ ಬಾಡಿ ಬಟರನ್ನು ಮೇ ತಿಂಗಳಲ್ಲಿ ಕಲಬುರಗಿ ಕಡೆಗೆ ಕಳಿಸಿದರೆ ದಾರಿಯಲ್ಲೇ ಕರಗುತ್ತದೆ. ಆಮೇಲೆ ನಿಧಾನವಾಗಿ ಗಟ್ಟಿಯಾಗುವಾಗ ರವೆ ರವೆಯಾಗುತ್ತದೆ. "ಹಾಳಾಗಿದೆ" ಅಂತ ಮೆಸೇಜ್ ಬರುತ್ತದೆ. ಹಾಳಾಗಿರಲ್ಲ, ಚರ್ಮಕ್ಕೆ ಏನೂ ಆಗಲ್ಲ, ಬೆರಳಲ್ಲಿ ಉಜ್ಜಿದರೆ ರವೆ ಕರಗಿಬಿಡುತ್ತದೆ. ಕಮಟು ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಮಾತ್ರ ಅದು ಕೆಟ್ಟಿದೆ ಎಂದರ್ಥ. ಆದರೂ ನಾನು ವಾದಕ್ಕೆ ಇಳಿಯಲ್ಲ. ನುಣ್ಣಗಿರುವ ಫೋಟೋ ತೋರಿಸಿ ರವೆಯಾದದ್ದನ್ನು ಕೊಟ್ಟರೆ ಕೇಳುವ ಹಕ್ಕು ಅವರಿಗಿದೆ, ಅಲ್ವಾ? ಅದಕ್ಕೆ ಮಾರ್ಚ್ ಕೊನೆಯಿಂದ ಮಳೆ ಶುರುವಾಗುವ ತನಕ ಅದನ್ನು ಕ್ಯಾಟಲಾಗಲ್ಲಿ ಮರೆಮಾಡುತ್ತೇನೆ. ವಾಟ್ಸಾಪ್ ಬಿಸಿನೆಸ್ ಆಪಲ್ಲಿ ಅಳಿಸದೇ ಮರೆಮಾಡಲು ಬರುತ್ತದೆ.

ಫೋಟೋ ವಿಷಯಕ್ಕೂ ಅದೇ ನ್ಯಾಯ. ಒಂದು ಐಟಮಿಗೆ ಹತ್ತು ಫೋಟೋ ಹಾಕಬಹುದು, ನನಗೆ ನಾಲ್ಕು ಸಾಕು. ಕಿಟಕಿ ಬೆಳಕಲ್ಲಿ ಫಿಲ್ಟರ್ ಇಲ್ಲದೆ ತೆಗೆದ ಬಾಟಲಿ, ಅಂಗೈ ಮೇಲಿಟ್ಟ ಬಾಟಲಿ, ಕೈಗೆ ಸವರಿದ ಎಣ್ಣೆ, ಲೇಬಲ್ಲಿನ ಹಿಂಬದಿ. ಅಂಗೈ ಫೋಟೋ ಯಾಕೆಂದರೆ ಕ್ಲೋಸಪ್ಪಲ್ಲಿ 30 ಮಿ.ಲೀ. ಬಾಟಲಿ 100 ಮಿ.ಲೀ. ಥರ ಕಾಣುತ್ತದೆ, ಕೈಗೆ ಬಂದಾಗ "ಇಷ್ಟು ಚಿಕ್ಕದಾ?" ಅನ್ನಿಸುತ್ತದೆ. ಹಿಂಬದಿಯಲ್ಲಿ ಬ್ಯಾಚ್ ನಂಬರ್, ಬಳಸಬೇಕಾದ ಕೊನೆಯ ದಿನಾಂಕ, ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಓದೋ ಹಾಗಿರಬೇಕು. ನಾನು ಲೈಸೆನ್ಸ್ ಇರುವ ಘಟಕದಲ್ಲೇ ಮಾಡಿಸುತ್ತೇನೆ. ಲೇಬಲ್ಲೇ ಇಲ್ಲದ ಡಬ್ಬಿಯ ಬಿಳುಪಿನ ಕ್ರೀಮನ್ನು ಎಷ್ಟೇ ಮಾರ್ಜಿನ್ ಕೊಟ್ಟರೂ ಮಾರಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿರುವುದುಂಟು.

ಉರಿ, ಕೆಂಪು, ಗುಳ್ಳೆ ಅಂತ ಯಾರಾದರೂ ಬರೆದರೆ ಮೊದಲು ಹೇಳುವುದು ಇವತ್ತೇ ಹಚ್ಚುವುದು ನಿಲ್ಲಿಸಿ ಅಂತ. ಲೇಬಲ್ಲಿನ ಫೋಟೋ ಮತ್ತೆ ಕಳಿಸುತ್ತೇನೆ, ಡಾಕ್ಟರಿಗೆ ತೋರಿಸಲು ಅನುಕೂಲ. ದುಡ್ಡು ಅವತ್ತೇ ಹಾಕುತ್ತೇನೆ. ಬ್ಯಾಚ್ ನಂಬರ್ ಕೇಳಿ ಬರೆದಿಡುತ್ತೇನೆ. ಅದೇ ಬ್ಯಾಚಿನ ಬಗ್ಗೆ ಇನ್ನೊಬ್ಬರಿಂದ ಅಂಥದ್ದೇ ಮಾತು ಬಂದರೆ ಉಳಿದ ಬಾಟಲಿಗಳನ್ನು ಕಳಿಸುವುದು ನಿಲ್ಲಿಸಿ ಘಟಕಕ್ಕೆ ಫೋನ್ ಮಾಡುತ್ತೇನೆ.