ಕನ್ನಡ ಲಿಪಿಯಲ್ಲಿ ಬರೆದರೆ ರೀಚ್ ಬೀಳುತ್ತಂತೆ!

“ಕ್ಯಾಪ್ಷನ್ ಕನ್ನಡ ಅಕ್ಷರದಲ್ಲಿ ಹಾಕಿದ್ರೆ ರೀಚ್ ಬರಲ್ವಂತೆ, ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕಂತೆ, ನಿಜಾನಾ?”

ಸುಳ್ಳು. ಈ ‘ಅಂತೆ’ಗಳನ್ನು ಯಾರು ಹಬ್ಬಿಸುತ್ತಾರೋ! ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರಲ್ಲಿ ರೀಚ್‌ಗೆ ಮುಖ್ಯ ಎಂದು ಹೇಳಿದ್ದು ಮೂರು ಸಂಗತಿ: ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಲೈಕ್ ಒತ್ತಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸಿದರು. ಇದರಲ್ಲಿ ಲಿಪಿಯ ಮಾತೇ ಇಲ್ಲ. ನಿಮ್ಮ ರೀಲನ್ನು ಜನ ಮೂರೇ ಸೆಕೆಂಡಿಗೆ ದಾಟಿ ಹೋದರೆ ಕನ್ನಡವನ್ನು ಬೈದು ಏನು ಪ್ರಯೋಜನ?

ಲಿಪಿಯ ವ್ಯತ್ಯಾಸ ಗೊತ್ತಾಗುವುದು ಮೊದಲು ಓದುವಾಗ. ಕಲಬುರಗಿಯ ತೊಗರಿ ವ್ಯಾಪಾರಿಯೊಬ್ಬರು togari bele kammi aagide ಎಂದು ಬರೆದರು ಅನ್ನಿ. ಬೇಳೆಯ ದಾಸ್ತಾನು ಮುಗಿಯುತ್ತಿದೆಯೋ, ಬೆಲೆ ಇಳಿದಿದೆಯೋ, ಬೆಳೆ ಕೈಕೊಟ್ಟಿದೆಯೋ? ಮೂರಕ್ಕೂ bele ಒಂದೇ. ದೊಡ್ಡ L ಹಾಕಿ beLe ಎಂದು ಕ್ಯಾಪ್ಷನ್ ಬರೆಯುವವರನ್ನು ತೋರಿಸಿ ನೋಡೋಣ. ಫೀಡ್‌ನಲ್ಲಿ ಮೊದಲೆರಡು ಸಾಲು ಕಾಣಿಸಿ ಉಳಿದದ್ದು more ಹಿಂದೆ ಅಡಗುತ್ತದೆ. ಆ ಎರಡು ಸಾಲಿನಲ್ಲೇ ಓದುಗ ತಡವರಿಸಿದರೆ ಮುಂದೆ ಓದುವ ಮಾತೆಲ್ಲಿ? ‘ತೊಗರಿ ಬೆಲೆ ಇಳಿದಿದೆ’ ಎಂದು ಕನ್ನಡದಲ್ಲೇ ಇದ್ದರೆ ಒಂದೇ ನೋಟ ಸಾಕು.

ಮಾತಾಡಲು ಬಂದರೂ ಓದಲು ಬಾರದ ಕನ್ನಡಿಗರಿದ್ದಾರೆ: ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು, ಹೊರದೇಶದಲ್ಲಿ ಬೆಳೆದವರು. ನಿಮ್ಮ ಓದುಗರು ಅವರೇ ಆಗಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ನನ್ನ ತಕರಾರಿಲ್ಲ.

ಆದರೆ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಗಿರಾಕಿ ಹುಡುಕುವಾಗ ಏನಂತ ಟೈಪ್ ಮಾಡುತ್ತಾನೆ? ಕೀಬೋರ್ಡ್ ಬದಲಿಸುವ ಸೋಮಾರಿತನಕ್ಕೆ togari ಅಂತಲೋ thogari ಅಂತಲೋ ಹೊಡೆಯುತ್ತಾನೆ. ಹುಡುಕಾಟದಲ್ಲಿ ಸಿಗಬೇಕಾದರೆ ಆ ಪದ ಕ್ಯಾಪ್ಷನ್ನಿನಲ್ಲೇ ಇರಲಿ ಎನ್ನುವುದು ಇನ್‌ಸ್ಟಾಗ್ರಾಂನದೇ ಸಲಹೆ. ಹಾಗಾಗಿ ವಿಷಯವನ್ನು ಕನ್ನಡದಲ್ಲಿ ಬರೆದು, ಕೊನೆಗೊಂದು ಸಾಲು ಸೇರಿಸಿ:

```
togari bele, thogari bele, toor dal, Kalaburagi
```

ಇಷ್ಟು ಸಾಕು. ಇಡೀ ಕ್ಯಾಪ್ಷನ್ನನ್ನು ಎರಡೆರಡು ಸಲ ಬರೆದು ಜೀವ ತಿನ್ನಬೇಡಿ. ಯೂಸರ್‌ನೇಮ್ ಕನ್ನಡ ಅಕ್ಷರವನ್ನು ಒಪ್ಪುವುದೇ ಇಲ್ಲ. ಅದರ ಕೆಳಗಿನ Name ಜಾಗ ಒಪ್ಪುತ್ತದೆ, ಅದೂ ಹುಡುಕಾಟಕ್ಕೆ ಸಿಗುತ್ತದೆ. ಅಲ್ಲಿ ‘ತೊಗರಿ ಬೇಳೆ Togari Bele’ ಎಂದು ಎರಡನ್ನೂ ಹಾಕಿ. ಕಾಗುಣಿತ ನೋಡಿಕೊಂಡು ಉಳಿಸಿ, ಏಕೆಂದರೆ 14 ದಿನದಲ್ಲಿ ಎರಡೇ ಸಲ ಬದಲಿಸಬಹುದು. ಕನ್ನಡದ ಹ್ಯಾಷ್‌ಟ್ಯಾಗ್ ಹಾಕಿದರೆ ಪೋಸ್ಟ್ ಆದಮೇಲೆ ಇಡೀ ಪದ ಲಿಂಕ್ ಆಗಿದೆಯೇ ಎಂದು ನೋಡಿ. ಅರ್ಧಕ್ಕೇ ನಿಂತಿದ್ದರೆ ‘ಇನ್‌ಸ್ಟಾಗ್ರಾಂ’ನಲ್ಲಿ ‘ನ್’ ಆದಮೇಲೆ ಬರುವಂಥ ಕಣ್ಣಿಗೆ ಕಾಣದ ಚಿಹ್ನೆ ನಡುವೆ ಸೇರಿರಬಹುದು. ಅದಿಲ್ಲದ ಪದ ಆರಿಸಿಕೊಳ್ಳಿ.

ಇನ್ನು ಡಿಟಿಪಿ ಅಂಗಡಿಯ ಕರಪತ್ರದಿಂದ ಕಾಪಿ ಮಾಡಿ PÀ£ÀßqÀ ಎಂದು ಅಂಟಿಸುವವರು. ಅದು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರ, ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ. ಅದನ್ನು ಹಾಗೇ ಬಿಟ್ಟು ರೀಚ್ ಬರಲಿಲ್ಲ ಎಂದರೆ, ಆಗ ಮಾತ್ರ ಅಕ್ಷರದ್ದೇ ತಪ್ಪು ಅಂತ ನಾನೂ ಒಪ್ಪುತ್ತೇನೆ.