ಶತ್ರು ಸತ್ತ ಮೇಲೂ ಚಂಡೆ

ಕಳೆದ ಭಾನುವಾರ ಮುಲುಂಡಿನ ನಮ್ಮ ಮನೆಗೆ ಬಂದಿದ್ದ ಸೋದರಮಾವನ ಕೈಗೆ, ನಾವು ತಯಾರಿಸುತ್ತಿರುವ ಮೊಬೈಲ್ ಗೇಮನ್ನು ಕೊಟ್ಟಿದ್ದೆ. ಹೋಟೆಲಿನ ಗಲ್ಲಾದಲ್ಲಿ ಕುಳಿತೇ ಆಯುಷ್ಯ ಕಳೆದ ಅವರು ಮುಂಬಯಿಯ ಯಕ್ಷಗಾನ ಆಟಗಳಿಗೆ ಚಂಡೆ ಬಾರಿಸಿದವರು. ಗೇಮಿನ ಚಂಡೆಯ ರೆಕಾರ್ಡಿಂಗಿಗೂ ಅವರೇ ಕೂತಿದ್ದರು. ಗುಹೆಯ ಕಾಳಗವನ್ನು ಆಡಿ, ಮೊಬೈಲನ್ನು ಮೇಜಿನ ಮೇಲಿಟ್ಟು, "ಎಂತ ಮಾರಾಯ, ರಕ್ಕಸ ಸತ್ತ ಕೂಡಲೇ ಚಂಡೆ ನಿಲ್ಲಿಸುವುದುಂಟಾ?" ಎಂದರು.

ವಾರವಿಡೀ ಈ ಪ್ರಶ್ನೆ ನನ್ನ ಕಿವಿಯಲ್ಲೇ ಇದೆ. ಸೋಮವಾರ ಅದನ್ನು ನಮ್ಮ ಹುಬ್ಬಳ್ಳಿಯ ಪ್ರೋಗ್ರಾಮರ್‌ಗೆ ಹೇಳಿದಾಗ ಅವನು ಪರದೆಯತ್ತ ಬೆರಳು ತೋರಿಸಿ, "ನಂಬರ್ ಕರೆಕ್ಟ್ ಐತಲ್ರೀ" ಎಂದ. ಹುಡುಗ ಜಾಣ, ಆದರೆ ಪರದೆಯ ಮೇಲಿನ ಅಂಕಿ ಸರಿಯಿದ್ದರೆ ಕಿವಿಗೂ ಸರಿಯಿರಲೇಬೇಕು ಎಂದು ನಂಬುವ ಜಾಣ.

ನಮ್ಮ ಸಂಗೀತ ಮೂರು ಪದರಗಳದ್ದು: ಶ್ರುತಿ ಮತ್ತು ಮದ್ದಳೆ, ಅದರ ಮೇಲೆ ತಂತಿವಾದ್ಯಗಳು, ಎಲ್ಲಕ್ಕೂ ಮೇಲೆ ಚಂಡೆ. ನಿಮಿಷಕ್ಕೆ 120 ಬಡಿತ, ನಾಲ್ಕು ಬಡಿತಕ್ಕೊಂದು ಆವರ್ತ, ಎಂಟು ಆವರ್ತಗಳ ಲೂಪ್. ಅಂದರೆ 16 ಸೆಕೆಂಡಿಗೊಮ್ಮೆ ಸುತ್ತು ಮುಗಿಯುತ್ತದೆ. ಮೂರೂ ಪದರಗಳು ಒಂದೇ ಕ್ಷಣದಲ್ಲಿ ಆರಂಭವಾಗಿ ಸದಾ ಓಡುತ್ತಲೇ ಇರುತ್ತವೆ, ಬೇಡವಾದಾಗ ಅವುಗಳ ದನಿಯನ್ನಷ್ಟೇ ಸೊನ್ನೆಗೆ ಇಳಿಸಿರುತ್ತೇವೆ. ಬೇಕಾದಾಗ ಹೊಸದಾಗಿ ಆರಂಭಿಸಿದರೆ ತಾಳ ಕೂಡುವ ಭರವಸೆಯಿರುವುದಿಲ್ಲ.

ಯಾವ ಪದರ ಕೇಳಿಸಬೇಕೆಂಬುದನ್ನು ತೀವ್ರತೆ ಎಂಬ ಒಂದು ಅಂಕಿ ನಿರ್ಧರಿಸುತ್ತದೆ. ಹತ್ತಿರದಲ್ಲಿರುವ ಒಬ್ಬೊಬ್ಬ ಶತ್ರುವಿಗೂ 20 ಅಂಕ. 60 ಮುಟ್ಟಿದರೆ ಚಂಡೆ, ಕೆಳಗಿಳಿದರೆ ಮೌನ. ಮೂವರು ಶತ್ರುಗಳಲ್ಲಿ ಒಬ್ಬ ಎರಡು ಹೆಜ್ಜೆ ಹಿಂದೆ ಸರಿದರೆ ಅಂಕಿ 40ಕ್ಕೆ ಬಿದ್ದು ಚಂಡೆ ಕಡಿದುಹೋಗುತ್ತಿತ್ತು, ಅವನು ಮುಂದೆ ಬಂದರೆ ಮತ್ತೆ ಮೊಳಗುತ್ತಿತ್ತು. ಮೂವರಲ್ಲಿ ಒಬ್ಬ ಸತ್ತುಬಿದ್ದಾಗಲಂತೂ ತಾಳದ ನಡುವೆಯೇ ನಿಂತುಬಿಡುತ್ತಿತ್ತು. ಅಂಕಿ ಸುಳ್ಳು ಹೇಳುತ್ತಿರಲಿಲ್ಲ, ನಿಜ. ಆದರೆ ರಂಗಸ್ಥಳದಲ್ಲಿ ವೇಷ ಕುಸಿದ ಮೇಲೂ ಚಂಡೆ ಮುಕ್ತಾಯ ಹಾಕಿಯೇ ಬಿಡುತ್ತದಲ್ಲದೆ, ಕತ್ತರಿಸಿದಂತೆ ನಿಲ್ಲುವುದಿಲ್ಲ. ಮಾವ ಕೇಳಿದ್ದು ಅದನ್ನೇ.

ಅದಕ್ಕೆ ಎರಡು ಬದಲಾವಣೆ ಮಾಡಿದೆವು. ಚಂಡೆ ಒಳಬರುವ ಗಡಿ 60 ಆಗಿಯೇ ಉಳಿಯಿತು, ಹೊರಹೋಗುವ ಗಡಿಯನ್ನು ಮಾತ್ರ 30ಕ್ಕೆ ಇಳಿಸಿದೆವು; ಹೀಗಾಗಿ ಒಬ್ಬ ಹಿಂದೆ ಸರಿದು 40 ಆದರೂ ಚಂಡೆ ಅಲುಗುವುದಿಲ್ಲ. ಎರಡನೆಯದಾಗಿ, ಸಂಗೀತ ನೋಡುವ ಅಂಕಿ ಏರುವಾಗ ಒಮ್ಮೆಲೇ ಏರಲಿ, ಇಳಿಯುವಾಗ ಸೆಕೆಂಡಿಗೆ 10ರಂತೆ ಮಾತ್ರ ಇಳಿಯಲಿ ಎಂದು ಕಟ್ಟು ಹಾಕಿದೆವು. ಮೂವರೂ ಒಟ್ಟಿಗೇ ಸತ್ತರೂ 60ರಿಂದ 30ಕ್ಕೆ ಬರಲು ಮೂರು ಸೆಕೆಂಡು ಬೇಕು. ಅಲ್ಲಿಂದ ಮುಂದಿನ ಆವರ್ತದ ತಲೆಯವರೆಗೆ, ಅಂದರೆ ಹೆಚ್ಚೆಂದರೆ ಎರಡು ಸೆಕೆಂಡು ಕಾದು, ಮಾವನಿಂದಲೇ ಬೇರೆಯಾಗಿ ಬಾರಿಸಿಕೊಂಡ ಒಂದು ಆವರ್ತದ ಮುಕ್ತಾಯವನ್ನು ನುಡಿಸಿ ಚಂಡೆ ಹೊರಡುತ್ತದೆ. ಕೆಳಗೆ ಒಂದೇ ಶ್ರುತಿ ಹಿಡಿದಿರುವುದರಿಂದ ಈ ಮುಕ್ತಾಯ ಎಂಟರಲ್ಲಿ ಯಾವ ಆವರ್ತದ ಬೆನ್ನಿಗೂ ಕೂರುತ್ತದೆ. ಸ್ವರಮೇಳ ಬದಲಾಗುತ್ತಾ ಹೋಗುವ ಸಂಗೀತವಾಗಿದ್ದು, ಮುಕ್ತಾಯವೂ ಸ್ವರವಾದ್ಯದ್ದಾಗಿದ್ದರೆ ಒಂದೊಂದು ಜಾಗಕ್ಕೂ ಒಂದೊಂದು ಮುಕ್ತಾಯ ಬೇಕಾಗುತ್ತಿತ್ತು.

ಒಳಬರುವಾಗಲೂ ಆವರ್ತಕ್ಕೆ ಕಾಯಬೇಕಾದ್ದರಿಂದ, ಶತ್ರು ಮೈಮೇಲೆ ಹಾರಿ ಎರಡು ಸೆಕೆಂಡಾದ ಮೇಲೆ ಚಂಡೆ ಬಂದರೆ ನಗೆಪಾಟಲು. ಆ ಅಂತರವನ್ನು ತಾಳಕ್ಕೆ ಕಟ್ಟುಬೀಳದ ಒಂದು ಘರ್ಜನೆಯಿಂದ ತುಂಬಿದೆವು; ಅದು ತಕ್ಷಣ ಕೇಳಿಸುತ್ತದೆ, ಚಂಡೆ ತನ್ನ ಹೊತ್ತಿಗೆ ಬರುತ್ತದೆ.

ಕತ್ತಿಯ ಸದ್ದಿನದು ಬೇರೆ ಜಗಳ. ಕತ್ತಿಯ ಏಟಿನ ಚುರುಕೂ ಚಂಡೆಯ ಪೆಟ್ಟಿನ ಚುರುಕೂ ಹೆಚ್ಚುಕಡಿಮೆ ಒಂದೇ ಕಂಪನದ ವಲಯದಲ್ಲಿರುವುದರಿಂದ ಒಂದು ಇನ್ನೊಂದನ್ನು ನುಂಗುತ್ತದೆ. ಪ್ರತಿ ಏಟಿಗೂ ಚಂಡೆಯನ್ನು 4 ಡೆಸಿಬಲ್ ತಗ್ಗಿಸಿ ನೋಡಿದೆವು. ಏಟುಗಳು ಬೇಗ ಬೇಗ ಬಿದ್ದಾಗ ಚಂಡೆ ಏದುಸಿರು ಬಿಟ್ಟಂತೆ ಕೇಳಿಸಿತು. ಕೊನೆಗೆ ಆ ವಲಯದಲ್ಲಿ ಚಂಡೆಯನ್ನು ಶಾಶ್ವತವಾಗಿ ತುಸು ಇಳಿಸಿ, ಏಕಕಾಲಕ್ಕೆ ನಾಲ್ಕಕ್ಕಿಂತ ಹೆಚ್ಚು ಕತ್ತಿಯ ಸದ್ದು ಬರದಂತೆ ಮಿತಿ ಹಾಕಿದೆವು.

ಗುರುವಾರ ರಾತ್ರಿ ಮಾವ ಮತ್ತೆ ಆಡಿ ನೋಡಿದರು. ಮುಕ್ತಾಯ ಬಿದ್ದಾಗ ತಲೆದೂಗಿದರು. ಹೊಗಳಿಕೆ ಅವರ ಬಾಯಿಂದ ಬರುವುದೇ ಅಪರೂಪ. ಆದರೆ ಹೊಸ ತಕರಾರು ಸಿದ್ಧವಿತ್ತು: "ಮದ್ದಳೆಯ ಎಡಗೈ ಎಲ್ಲಿ ಹೋಯಿತು?" ಎಲ್ಲಿಯೂ ಹೋಗಿಲ್ಲ, ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ಶಕ್ತಿಯಿಲ್ಲ. ಹೆಡ್‌ಫೋನ್ ಹಾಕಿಕೊಟ್ಟೆ, ಒಪ್ಪಲಿಲ್ಲ. ಲೋಕಲ್ ಟ್ರೇನಿನಲ್ಲಿ ಆಡುವವರೆಲ್ಲ ಹೆಡ್‌ಫೋನ್ ಹಾಕುತ್ತಾರೆಯೇ ಎಂದು ಕೇಳಿದರು. ಆ ನಾದಕ್ಕೆ ಮೇಲಿನ ಕಂಪನಗಳನ್ನು ಸೇರಿಸಿ, ಸಣ್ಣ ಸ್ಪೀಕರಿನಲ್ಲೂ ಎಡಗೈಯ ಸುಳಿವು ಸಿಗುವಂತೆ ಮಾಡುವ ಕೆಲಸವನ್ನು ನಿನ್ನೆಯಿಂದ ಹಿಡಿದಿದ್ದೇನೆ.