ದಣಪೆ ಹತ್ತಿರ ನಿಂತು ಕಳಿಸಿದ ಮೆಸೇಜು

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ಅಂಗಳದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬೇಲಿಯ ಬಾಗಿಲಾದ ದಣಪೆ ದಾಟಿ ಗುಡ್ಡದ ಕಡೆ ಸ್ವಲ್ಪ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ಹೋದ ವರ್ಷ ಅಡಿಕೆ ಕೊಯ್ಲಿಗೆಂದು ಶಿವಮೊಗ್ಗದಿಂದ ರಜೆ ಹಾಕಿ ಬಂದಿದ್ದೆ. ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳತಿಗೆ ನನ್ನ ಮನಸ್ಸಿನ ಮಾತು ಹೇಳಿದ್ದು ಅಲ್ಲೇ ನಿಂತು.

ಮೆಸೇಜು ಕಳಿಸುವ ಮೊದಲು ಎರಡು ಸಲ ಪೂರ್ತಿ ಅಳಿಸಿ ಬರೆದೆ. ಮೊದಲು ಬರೆದದ್ದನ್ನೇ ಕಳಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಮೊದಲನೆಯದು ತುಂಬಾ ಉದ್ದ ಇತ್ತು. ಶಿವಮೊಗ್ಗದ ರೂಮಿನಲ್ಲಿ ಒಂದು ರಾತ್ರಿ ಕೂತು ಬರೆದದ್ದು. ಅದರಲ್ಲಿ ಏಳು ವರ್ಷದ ಎಲ್ಲವೂ ಇತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವಳು ಮಳೆಯಲ್ಲಿ ಫ್ಲಾಸ್ಕಿನಲ್ಲಿ ಕಷಾಯ ತಂದದ್ದು, ನನ್ನ ಹುಟ್ಟಿದ ದಿನಕ್ಕೆ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದ್ದು, ಗಾಜನೂರಿನಲ್ಲಿ ಹೊಳೆ ನೋಡುತ್ತಾ ಕೂತಿದ್ದಾಗ ಆಡಿದ ಮಾತು. ಕೊನೆಗೆ ಹೀಗೆ ಬರೆದಿದ್ದೆ: "ನೀನಿಲ್ದೆ ನನ್ನ ಬದುಕು ಊಹಿಸ್ಕೊಳ್ಳೋಕೂ ಆಗಲ್ಲ. ಮನೇಲಿ ಜಾತಕ ತೋರಿಸ್ತಿದಾರೆ, ಅದಕ್ಕೇ ಈಗ್ಲೇ ಹೇಳ್ತಿದೀನಿ. ನೀನು ಹೂಂ ಅಂದ್ರೆ ನಿಮ್ಮ ಮನೆಗೆ ಬಂದು ಮಾತಾಡ್ತೀನಿ. ಏನೇ ಆದ್ರೂ ನಮ್ಮ ಸ್ನೇಹ ಹಾಳಾಗಲ್ಲ ಅಂತ ಮಾತು ಕೊಡು. ಪ್ಲೀಸ್, ಬೇಗ ಉತ್ತರ ಕೊಡು."

ಬರೆದಾಗ ಇದರಲ್ಲಿ ಒಂದು ಸುಳ್ಳೂ ಇಲ್ಲ ಅನ್ನಿಸಿತ್ತು. ನಿಜಕ್ಕೂ ಇರಲಿಲ್ಲ.

ಊರಿಗೆ ಬಂದ ಎರಡನೇ ರಾತ್ರಿ ಎಲ್ಲರೂ ಅಡಿಕೆ ಸುಲಿಯಲು ಕೂತಿದ್ದೆವು. ಒಬ್ಬೊಬ್ಬರೇ ಎದ್ದು ಮಲಗಲು ಹೋದರು. ಅತ್ತಿಗೆ ಮಾತ್ರ ಮೆಟ್ಟುಗತ್ತಿ ಬಿಟ್ಟು ಏಳಲಿಲ್ಲ. ನನಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು. ಹೆಸರು ಹೇಳದೆ ಅಷ್ಟನ್ನೂ ಓದಿದೆ. ಯಾರು ಅಂತ ಅವರು ಕೇಳಲಿಲ್ಲ. ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಹುಡುಗಿ ಇಲ್ಲ ಅನ್ನೋದಾದ್ರೆ ಎಲ್ಲಿಂದ ಅನ್ನಬೇಕು ಮಾರಾಯ? ಎಲ್ಲ ಬಾಗಿಲೂ ಹಾಕಿಟ್ಟಿದೀಯಲ್ಲ," ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಒಂದೊಂದೇ ಸಾಲನ್ನು ಮತ್ತೆ ಓದಿಸಿದರು. ನೀನಿಲ್ಲದೆ ಬದುಕು ಊಹಿಸಲು ಆಗಲ್ಲ ಅಂದರೆ, ನನ್ನ ಬದುಕಿನ ಹೊಣೆಯನ್ನು ಅವಳ ತಲೆ ಮೇಲೆ ಹೊರಿಸಿದ ಹಾಗೆ. ಇಲ್ಲ ಅಂದವಳು ನನ್ನನ್ನು ಹಾಳು ಮಾಡಿದವಳಾಗುತ್ತಾಳೆ. ಜಾತಕದ ಮಾತು ಎತ್ತಿದರೆ ಅವಳಿಗೊಂದು ಗಡುವು ಕೊಟ್ಟ ಹಾಗೆ. ನಾನು ಒಂದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಯೋಚಿಸಿದ್ದನ್ನು ಅವಳು ಒಂದೇ ದಿನದಲ್ಲಿ ತೀರ್ಮಾನ ಮಾಡಬೇಕು! ಇಷ್ಟ ಇದೆಯಾ ಅಂತ ಕೇಳುವ ಮೊದಲೇ ಮನೆಗೆ ಬಂದು ಮಾತಾಡುವ ತನಕ ಹೋಗಿದ್ದೆ. ನಮ್ಮ ಕಡೆ ಆ ಮಾತು ಬಂತು ಅಂದರೆ ಎರಡೂ ಮನೆ, ಜಾತಿ, ಊರಿನವರ ಬಾಯಿ ಎಲ್ಲವೂ ಬಂದ ಹಾಗೆ.

ನನ್ನನ್ನು ನಿಜಕ್ಕೂ ನಿಲ್ಲಿಸಿದ್ದು ಕಷಾಯದ ಮಾತು. ಅದನ್ನು ಬರೆದದ್ದು ಪ್ರೀತಿಯಿಂದ. ಅತ್ತಿಗೆ ಹೇಳಿದರು, "ಅವಳು ಗೆಳೆಯನ ಅಪ್ಪಂಗೆ ಹುಷಾರಿಲ್ಲ ಅಂತ ತಂದಿದ್ದು. ನೀನು ಈಗ ಅದನ್ನೇ ಎತ್ತಿ ಹಿಡಿದು, ನಂಗೆ ಹೀಂಗಾಗೋಕೆ ಇದೇ ಕಾರಣ ಅಂದ್ರೆ ಅವಳಿಗೆ ಎಂತ ಅನ್ಸುತ್ತೆ? ನಾನೇ ಏನೋ ತಪ್ಪು ಮಾಡಿದ್ನಾ, ಹಾಂಗೆ ನಡ್ಕೊಳ್ಳಬಾರದಿತ್ತಾ ಅನ್ಸುತ್ತೆ. ಮುಂದೆ ಯಾರಿಗೂ ಕಷಾಯ ಒಯ್ಯೋದಕ್ಕೂ ಹೆದರ್ತಾಳೆ."

ಇದು ನನಗೆ ಹೊಳೆದೇ ಇರಲಿಲ್ಲ. ಅವಳು ಸ್ನೇಹದಿಂದ ಮಾಡಿದ್ದನ್ನೆಲ್ಲ ನಾನು ಸಾಕ್ಷಿಯ ಹಾಗೆ ಪಟ್ಟಿ ಮಾಡಿದ್ದೆ. ಓದಿದರೆ ಅವಳಿಗೆ ತನ್ನ ಏಳು ವರ್ಷವೂ ಬೇರೆ ಥರ ಕಾಣುತ್ತಿತ್ತು. ಅಪ್ಪ ಮಲಗಿದ್ದ ಆ ರಾತ್ರಿ ಅವಳು ಬಂದದ್ದನ್ನು ನಾನು ಹಾಗೆ ಬಳಸಬಾರದಿತ್ತು.

ಮಾರನೇ ದಿನ ಎರಡನೆಯದು ಬರೆದೆ. ಈ ಸಲ ಒತ್ತಡವೇ ಇರಬಾರದು ಅಂತ ಪೂರ್ತಿ ಆ ಕಡೆಗೆ ವಾಲಿಬಿಟ್ಟೆ. "ಇದನ್ನ ಓದಿ ಮರೆತುಬಿಡು. ನಾನು ನಿನಗೆ ತಕ್ಕವನಲ್ಲ ಅಂತ ಗೊತ್ತು. ಸುಮ್ನೆ ಹೇಳ್ಬೇಕು ಅನ್ನಿಸ್ತು ಅಷ್ಟೇ. ನೀನು ಏನೂ ಹೇಳ್ಬೇಕಾಗಿಲ್ಲ. ಏನೂ ಬದಲಾಗಲ್ಲ, ಪ್ರಾಮಿಸ್. ಸಾರಿ."

ಅತ್ತಿಗೆ ಬೆಂದ ಅಡಿಕೆಯನ್ನು ಬಿಸಿಲಿಗೆ ಹರಡುತ್ತಿದ್ದರು. "ಈಗ ಅವಳು ನಿನ್ನ ಸಮಾಧಾನ ಮಾಡ್ಬೇಕು," ಅಂದರು. ನಿಜ, ಅಲ್ವಾ? ತಕ್ಕವನಲ್ಲ ಅಂತ ಬರೆದರೆ ಅವಳು ಮೊದಲು "ಛೇ, ಹಾಗೆಲ್ಲ ಅನ್ಬೇಡ" ಅನ್ನಬೇಕು. ಅಷ್ಟು ಅಂದ ಮೇಲೆ ಇಲ್ಲ ಅನ್ನುವುದು ಇನ್ನೂ ಕಷ್ಟ. ಮರೆತುಬಿಡು ಅನ್ನುವುದೂ ಸುಲಭದ ಮಾತಲ್ಲ. ಹೇಳುವುದನ್ನೆಲ್ಲ ಹೇಳಿ, ಕೇಳಿಸಿಕೊಂಡಿಲ್ಲ ಅಂತ ನಟಿಸು ಅಂದ ಹಾಗೆ. ಅವಳಿಗೂ ಇಷ್ಟ ಇದ್ದರೆ? ಅದನ್ನು ಹೇಳಲೂ ನಾನು ಜಾಗ ಬಿಟ್ಟಿರಲಿಲ್ಲ. ಪ್ರಶ್ನೆಯೇ ಇಲ್ಲದ ಮೆಸೇಜಿಗೆ ಅವಳು ಉತ್ತರ ಎಲ್ಲಿಂದ ಕೊಡಬೇಕು?

'ಏನೂ ಬದಲಾಗಲ್ಲ' ಅನ್ನುವ ಸಾಲಿನ ಮೇಲೆ ನಾನು ತುಂಬಾ ಹೊತ್ತು ಕೂತೆ. ಅದು ಸುಳ್ಳು. ಇಲ್ಲ ಅಂದರೆ ನನಗೆ ನೋವಾಗುತ್ತದೆ. ಕೆಲವು ದಿನ ಮೊದಲಿನ ಹಾಗೆ ಮಾತಾಡಲು ಆಗುವುದಿಲ್ಲ. ಅವಳು ನನ್ನನ್ನು ಚೆನ್ನಾಗಿ ಬಲ್ಲಳು, ಅದು ಸುಳ್ಳು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಹಾಗಂತ ನೋವಾಗುತ್ತೆ ಅಂತ ಬರೆದರೆ ಅದೂ ಒತ್ತಡವೇ ಅಲ್ವಾ? ಕೇಳಿದಾಗ ಅತ್ತಿಗೆ, "ಬರಿ. ಆದ್ರೆ ಆ ನೋವು ಯಾರು ನೋಡ್ಕೋಬೇಕು ಅಂತಾನೂ ಬರಿ," ಅಂದರು.

ಮೂರನೆಯದನ್ನು ಎರಡು ದಿನ ಬಿಟ್ಟು ಬರೆದೆ. ಅಷ್ಟರಲ್ಲಿ ಬೇರೆ ಕೆಲವು ತೀರ್ಮಾನ ಮಾಡಿಕೊಂಡಿದ್ದೆ. ಅವಳ ಪರೀಕ್ಷೆ ಆ ವಾರ ಮುಗಿಯುತ್ತಿತ್ತು, ಅದು ಮುಗಿದ ಮೇಲೆ ಒಂದೆರಡು ದಿನ ಹೋಗಲಿ. ಎದುರಿಗೇ ಹೇಳಬೇಕು ಅಂತ ಮೊದಲು ಆಸೆ ಇತ್ತು. ನಾವು ಹೆಚ್ಚಾಗಿ ಸಿಗುವುದು ಗೆಳೆಯರ ಗುಂಪಿನಲ್ಲಿ, ಇಲ್ಲವಾದರೆ ನನ್ನ ಬೈಕಿನಲ್ಲಿ ಎಲ್ಲಿಗಾದರೂ ಹೊರಟಾಗ. ಊರಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಹೇಳಿ, ಆಮೇಲೆ ಅವಳು ನನ್ನ ಬೈಕಿನಲ್ಲೇ ವಾಪಸ್ ಬರಬೇಕು ಅಂದರೆ ಅದು ಸರಿಯಲ್ಲ. ಬರೆದು ಕಳಿಸಿದರೆ ಅವಳು ತನ್ನ ಮನೆಯಲ್ಲಿ, ತನ್ನ ಹೊತ್ತಿಗೆ ಓದಬಹುದು. ಮುಖದ ಮೇಲೆ ಏನು ಕಾಣಿಸಬೇಕು ಅಂತ ಯೋಚಿಸಬೇಕಾಗಿಲ್ಲ. ಮತ್ತೆ, ಮುಂದಿನ ತಿಂಗಳು ಒಬ್ಬ ಗೆಳೆಯನ ಮದುವೆಗೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗುವುದಿತ್ತು. ಅದಕ್ಕೆ ತೀರಾ ಹತ್ತಿರ ಕಳಿಸಬಾರದು ಅಂತಲೂ ಲೆಕ್ಕ ಹಾಕಿದೆ.

ಕಳಿಸಿದ್ದು ಇದು:

"ನಿನಗೆ ಒಂದು ಮಾತು ಹೇಳ್ಬೇಕು, ಪರೀಕ್ಷೆ ಮುಗೀಲಿ ಅಂತ ಕಾಯ್ತಿದ್ದೆ. ಸುಮಾರು ಒಂದು ವರ್ಷದಿಂದ ನಂಗೆ ನಿನ್ನ ಮೇಲೆ ಇರೋದು ಬರೀ ಸ್ನೇಹ ಅಲ್ಲ, ಪ್ರೀತಿ. ಮೊನ್ನೆ ಊರಿಗೆ ಬರುವಾಗ ಮಂಡಗದ್ದೆ ಹತ್ರ ಬಸ್ಸಿನ ಕಿಟಕಿಯಿಂದ ಹೊಳೆ ನೋಡ್ತಿದ್ದೆ. ಪಕ್ಕದ ಸೀಟಲ್ಲಿ ನೀನು ಇರ್ಬೇಕಿತ್ತು ಅನ್ನಿಸ್ತು. ನಿನ್ನಿಂದ ಇನ್ನೂ ಮುಚ್ಚಿಡೋಕೆ ಮನಸ್ಸಾಗ್ಲಿಲ್ಲ. ನೀನು ಯಾವತ್ತೂ ಆಸೆ ಹುಟ್ಟಿಸೋ ಹಾಗೆ ನಡ್ಕೊಂಡಿಲ್ಲ, ಇದು ನನ್ನೊಳಗೇ ಆಗಿದ್ದು. ನಿನಗೂ ಹಾಗೆ ಏನಾದ್ರೂ ಅನ್ನಿಸಿದ್ಯಾ? ಇಲ್ಲ ಅಂದ್ರೆ ಇಲ್ಲ ಅನ್ನೋದೊಂದೇ ಸಾಕು, ಕಾರಣ ಕೇಳಲ್ಲ. ನಂಗೆ ಬೇಜಾರಾಗುತ್ತೆ, ಅದನ್ನ ನಾನು ನೋಡ್ಕೋತೀನಿ. ಅವಸರ ಇಲ್ಲ, ನಾನಾಗಿ ಮತ್ತೆ ಈ ಮಾತು ಎತ್ತಲ್ಲ. ನಮ್ಮ ಗೆಳೆಯರು ಯಾರಿಗೂ ಗೊತ್ತಿಲ್ಲ. ಅತ್ತಿಗೆ ಹತ್ರ ಮಾತ್ರ ಹೇಳಿದೀನಿ, ನಿನ್ನ ಹೆಸರು ಹೇಳಿಲ್ಲ."

ಕಷಾಯ ಹೋಗಿ ಬಸ್ಸಿನ ಸೀಟು ಬಂದಿತ್ತು. ಅದು ನನ್ನ ಅನುಭವ ಮಾತ್ರ, ಅದರಲ್ಲಿ ಅವಳು ಮಾಡಿದ್ದು ಏನೂ ಇಲ್ಲ. 'ಪ್ರೀತಿ' ಅನ್ನುವ ಪದವನ್ನು ಇಡಲೋ ಬೇಡವೋ ಅಂತ ಕೊನೆ ತನಕ ಹೊಯ್ದಾಡಿದೆ. ತೆಗೆದರೆ ಅವಳು ಏನು ಅಂತ ಊಹಿಸಬೇಕಾಗುತ್ತದೆ, ತಪ್ಪು ಊಹಿಸಿದರೆ ಅವಳಿಗೇ ಮುಜುಗರ. ಇಟ್ಟೆ.

ಸಂಜೆ ಐದರ ಹೊತ್ತಿಗೆ ದಣಪೆ ದಾಟಿ ಹೋಗಿ ಕಳಿಸಿದೆ. ಮೊದಲು ಒಂದು ಟಿಕ್, ಸ್ವಲ್ಪ ಹೊತ್ತಿಗೆ ಎರಡು. ಆಮೇಲೆ ವಾಟ್ಸಾಪಿನ ಸೆಟ್ಟಿಂಗಿಗೆ ಹೋಗಿ ನೀಲಿ ಟಿಕ್ ಬರುವುದನ್ನು ನಿಲ್ಲಿಸಿದೆ. ಲಾಸ್ಟ್ ಸೀನ್, ಆನ್‌ಲೈನ್ ಎರಡನ್ನೂ ಮುಚ್ಚಿದೆ. ನಮ್ಮದನ್ನು ಮುಚ್ಚಿದರೆ ಬೇರೆಯವರದ್ದೂ ನಮಗೆ ಕಾಣುವುದಿಲ್ಲ. ಓದಿದಳಾ, ಓದಿ ಎಷ್ಟು ಹೊತ್ತಾಯಿತು, ಈಗ ಆನ್‌ಲೈನ್ ಇದ್ದಾಳಾ ಅಂತ ನಾನು ಗುಡ್ಡ ಹತ್ತಿ ಹತ್ತಿ ನೋಡುತ್ತಾ ಇದ್ದರೆ, ಅವಸರ ಇಲ್ಲ ಅಂತ ಬರೆದದ್ದಕ್ಕೆ ಅರ್ಥ ಇರುತ್ತಿರಲಿಲ್ಲ. ನೋಡಿದ್ದರೆ ಮೂರನೇ ದಿನಕ್ಕೆ "ಹಾಯ್" ಅಂತಾದರೂ ಕಳಿಸುತ್ತಿದ್ದೆ. ಅವಳಿಗೆ ಅದು ಉತ್ತರ ಕೇಳಿದ ಹಾಗೇ ಅನಿಸುತ್ತಿತ್ತು.

ಮೂರು ದಿನ ಏನೂ ಬರಲಿಲ್ಲ. ಗೊನೆ ಹೊರುವಾಗ, ಹಂಡೆಗೆ ಬೆಂಕಿ ಹಾಕುವಾಗ, ರಾತ್ರಿ ಸುಲಿಯುವಾಗ ಎಲ್ಲ ಹೊತ್ತೂ ಎದೆಯಲ್ಲಿ ಅದೇ. ಅತ್ತಿಗೆ ಕೇಳಲಿಲ್ಲ. ಒಂದು ದಿನ ಮಾತ್ರ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿ, "ತಿನ್ನು" ಅಂದರು.

ನಾಲ್ಕನೇ ದಿನ ಬೆಳಿಗ್ಗೆ ಉತ್ತರ ಬಂತು. "ಬಹಳ ಸಲ ಓದಿದೆ. ನನಗೆ ಹಾಗೆ ಅನ್ನಿಸಿಲ್ಲ ಕಣೋ. ಇದನ್ನ ಸುತ್ತಿ ಬಳಸಿ ಹೇಳ್ಬೇಕು ಅಂತ ಅನ್ನಿಸ್ಲಿಲ್ಲ, ಅದಕ್ಕೆ ನೇರವಾಗಿ ಹೇಳ್ತಿದೀನಿ. ನಂಗೂ ಸ್ವಲ್ಪ ದಿನ ಬೇಕು. ಆಮೇಲೆ ನಾನೇ ಫೋನ್ ಮಾಡ್ತೀನಿ."

ದಣಪೆ ಕಂಬಕ್ಕೆ ಒರಗಿ ನಿಂತೆ. ಕಣ್ಣಲ್ಲಿ ನೀರು ಬಂತು. ಬೆರಳು ತಾನಾಗೇ ಉದ್ದಕ್ಕೆ ಬರೆಯತೊಡಗಿತು. ಯಾಕೆ ಅಂತ, ಮುಂದೆ ಯಾವತ್ತಾದರೂ ಅನ್ನಿಸಬಹುದಾ ಅಂತ. ಕಾರಣ ಕೇಳಲ್ಲ ಅಂತ ನಾನೇ ಬರೆದುಕೊಟ್ಟಿದ್ದೆ. ಅಳಿಸಿದೆ. "ಸರಿ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ನಿನಗೆ ಎಷ್ಟು ದಿನ ಬೇಕೋ ತಗೋ." ಅಷ್ಟೇ ಕಳಿಸಿದೆ.

ಆ ಮದುವೆಗೆ ನಾನು ಗೆಳೆಯರ ಗಾಡಿಯಲ್ಲಿ ಹೋಗಲಿಲ್ಲ, ಊರಿಂದಲೇ ಬಸ್ಸಿನಲ್ಲಿ ಹೋಗಿ ಊಟ ಮಾಡಿಕೊಂಡು ಬಂದೆ. ಅವಳು ದೂರದಿಂದ ಕೈ ಎತ್ತಿದಳು, ನಾನೂ ಎತ್ತಿದೆ. ಅದಾಗಿ ಒಂದು ವಾರಕ್ಕೆ, ನಾನು ಪೇಟೆಗೆ ಹೋಗಿದ್ದಾಗ ಅವಳ ಫೋನ್ ಬಂತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

"ಕೊಯ್ಲು ಮುಗೀತಾ?" ಅಂದಳು.

"ಇಲ್ಲ, ಇನ್ನೊಂದು ಕೊಯ್ಲು ಇದೆ," ಅಂದೆ.